ಖೋ ಖೋ ಅಂಕಣಕ್ಕೆ ಡ್ರಿಪ್ ಪೈಪು, ಸೊಂಟಕ್ಕೆ ಎತ್ತಿನ ಗೆಜ್ಜೆ

ಕಣ್ಣು ಕಾಣದ ಮಗುವನ್ನು ತಂಡದ ಆಟಕ್ಕೆ ಸೇರಿಸಬೇಕೆಂದರೆ ಚೆಂಡಿನ ಆಟಗಳನ್ನೇ ಮೊದಲು ಹುಡುಕುತ್ತೇವೆ. ಒಳಗೆ ಗುಂಡು ತುಂಬಿದ ಚೆಂಡು, ಗಂಟೆ ಇರುವ ಚೆಂಡು. ನಾನು ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ಬಾಗಲಕೋಟೆ ಜಿಲ್ಲೆಯ ಶಾಲೆಯಲ್ಲಿ ಹುಡುಗಿಯರು ಬಿಡುವು ಸಿಕ್ಕರೆ ಆಡುವುದು ಖೋ ಖೋ. ಆರನೇ ತರಗತಿಯ ನಮ್ಮ ಹುಡುಗಿಗೆ ಬೆಳಕು, ನೆರಳು ಮತ್ತು ತೀರ ಹತ್ತಿರ ಬಂದ ದೊಡ್ಡ ಆಕಾರ ಇಷ್ಟೇ ಗೊತ್ತಾಗುತ್ತದೆ. ಗೆಳತಿಯರು ಖೋ ಖೋ ಆಡುವಾಗ ಆಕೆಗೆ ಬೇರೆ ಯಾವುದೋ ಚೆಂಡು ಕೊಟ್ಟು ಪಕ್ಕಕ್ಕೆ ಕೂರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಖೋ ಖೋ ಆಟವನ್ನೇ ಬಿಚ್ಚಿ ನೋಡಿದೆ.

ನೋಡಿದರೆ ಅರ್ಧ ಕೆಲಸ ಆಟದಲ್ಲೇ ಆಗಿಹೋಗಿದೆ. ಕುಳಿತ ಆಟಗಾರ್ತಿ ಎದ್ದು ಓಡಬೇಕಾದರೆ ಹಿಂದಿನಿಂದ ಅಂಗೈ ತಗಲಬೇಕು, ಜೊತೆಗೆ ‘ಖೋ’ ಎಂಬ ಕೂಗು ಕೇಳಬೇಕು. ಸ್ಪರ್ಶ ಮತ್ತು ಧ್ವನಿ ಎರಡೂ ನಿಯಮದಲ್ಲೇ ಇವೆ. ಕಣ್ಣಿನ ಮೂಲಕವೇ ತಿಳಿಯಬೇಕಾದ ಸಂಗತಿಗಳು ನಾಲ್ಕೇ: ಎದ್ದ ಮೇಲೆ ಎಡಕ್ಕೆ ಹೋಗಬೇಕೋ ಬಲಕ್ಕೋ, ಮಧ್ಯದ ಪಟ್ಟಿ ಎಲ್ಲಿದೆ, ಮುಂದಿನ ಖೋ ಕೊಡಬೇಕಾದ ಬೆನ್ನು ಎಲ್ಲಿದೆ, ಓಟಗಾರ್ತಿ ಎಲ್ಲಿದ್ದಾಳೆ. ಈ ನಾಲ್ಕನ್ನು ಕಾಲಿಗೆ, ಕಿವಿಗೆ, ಬೆನ್ನಿಗೆ ದಾಟಿಸಿದರೆ ಆಟ ಆಕೆಯದೂ ಆಗುತ್ತದೆ. ಬದಲಾವಣೆ ಏನೇ ಮಾಡಿದರೂ ಅದು ಅಂಕಣದಲ್ಲಿರುವ ಎಲ್ಲರಿಗೂ ಅನ್ವಯಿಸಬೇಕು ಎಂದು ಮೊದಲೇ ಗಟ್ಟಿ ಮಾಡಿಕೊಂಡೆ. ಒಬ್ಬಳಿಗಾಗಿ ಮಾಡಿದ ರಿಯಾಯಿತಿಯನ್ನು ಮಕ್ಕಳು ಎರಡನೇ ಆಟಕ್ಕೇ ಗುರುತಿಸುತ್ತಾರೆ.

ಕೆಲಸಕ್ಕೆ ಕೈ ಹಾಕುವ ಮೊದಲು ಆಕೆಯ ತಾಯಿಯನ್ನು ಒಂದು ಕೆಲಸ ಕೇಳಿಕೊಂಡೆ. ಕಣ್ಣಿನ ವೈದ್ಯರಿಂದ ಓಡಬಹುದೇ, ಬೀಳಬಹುದೇ, ತಲೆಗೆ ಪೆಟ್ಟು ಬಿದ್ದರೆ ಅಪಾಯವೇ ಎಂಬುದನ್ನು ಬರೆಸಿಕೊಂಡು ಬರಬೇಕು. ಅಕ್ಷಿಪಟಲ ಕಳಚುವ ಭಯವಿದ್ದರೆ, ಕಣ್ಣಿನ ಒತ್ತಡ ಹೆಚ್ಚಿದ್ದರೆ ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆ ಈಚೆಗೆ ಆಗಿದ್ದರೆ ಖೋ ಖೋ ಸರಿಯಾದ ಆಟವಲ್ಲ. ಅದರಲ್ಲಿ ನೆಲಕ್ಕೆ ಹಾರುವುದಿದೆ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದೂ ಇದೆ. ಆಕೆಗೆ ಅಂಥ ತೊಂದರೆ ಇಲ್ಲವೆಂದು ಚೀಟಿ ಬಂತು. ಆ ಚೀಟಿ ಇಲ್ಲದೆ ಯಾರೂ ಮುಂದಿನ ಹಂತಕ್ಕೆ ಹೋಗಬಾರದು.

ದೊಡ್ಡವರ ಖೋ ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ನಮ್ಮ ಗರಸು ನೆಲದಲ್ಲಿ 23 ಮತ್ತು 14 ಹಿಡಿಸಿತು. ಎರಡು ಕಂಬಗಳ ನಡುವೆ 19 ಮೀಟರ್, ಕಂಬದಾಚೆ ಎರಡೂ ತುದಿಯಲ್ಲಿ ಎರಡೆರಡು ಮೀಟರ್. ಕಂಬಗಳ ನಡುವೆ ಕೂರುವ ಎಂಟು ಚೌಕಗಳು, ಒಂದರಿಂದ ಇನ್ನೊಂದಕ್ಕೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರ.

ಕಾಲಿಗೆ ಸಿಗುವ ಗೆರೆ ಹಾಕುವುದು ಹೊಸ ವಿಷಯವೇನಲ್ಲ. ಕಣ್ಣು ಕಾಣದವರ ಗೋಲ್‌ಬಾಲ್ ಆಟದಲ್ಲಿ ನೆಲದ ಮೇಲೆ ತೆಳುವಾದ ದಾರ ಎಳೆದು ಅದರ ಮೇಲೆ ಟೇಪ್ ಅಂಟಿಸುತ್ತಾರೆ. ಆಟಗಾರರು ಕೈಯಿಂದ, ಕಾಲಿನಿಂದ ಮುಟ್ಟಿ ತಮ್ಮ ಜಾಗ ತಿಳಿಯುತ್ತಾರೆ. ಅದು ನುಣುಪಾದ ಒಳಾಂಗಣ. ಗರಸಿಗೆ ಟೇಪ್ ಹಿಡಿಯುವುದಿಲ್ಲ. ಮೊದಲು ನೂಲಿನ ಹಗ್ಗವನ್ನು ಸಣ್ಣ ಕಾಲುವೆ ತೋಡಿ ಕೂರಿಸಿದೆವು. ಒಣಗಿದ್ದಾಗ ಚೆನ್ನಾಗಿತ್ತು. ಮಳೆ ಬಿದ್ದ ಮರುದಿನ ಹಗ್ಗ ನೀರು ಕುಡಿದು ದಪ್ಪವಾಗಿ, ಉದ್ದದಲ್ಲಿ ಕುಗ್ಗಿ, ಮೊಳೆಗಳನ್ನು ಕಿತ್ತುಕೊಂಡು ನೆಲದಿಂದ ಮೇಲೆದ್ದಿತ್ತು. ಓಡುವವರ ಕಾಲಿಗೆ ಅದು ನೇರ ಬಲೆ. ಹತ್ತಿ, ನಾರು ಯಾವುದಾದರೂ ಇದೇ ಗತಿ.

ಆಗ ಕಣ್ಣಿಗೆ ಬಿದ್ದದ್ದು ಹೊಲದ ಬದುವಿನಲ್ಲಿ ಸುರುಳಿ ಸುತ್ತಿ ಎಸೆದ ಹಳೆಯ ಡ್ರಿಪ್ ಪೈಪು. ದಾಳಿಂಬೆ, ಕಬ್ಬು ಬೆಳೆಯುವ ನಮ್ಮ ಭಾಗದಲ್ಲಿ ಅದಕ್ಕೆ ಕೊರತೆಯಿಲ್ಲ. ಮಕ್ಕಳ ತಂದೆಯರೇ ತಂದುಕೊಟ್ಟರು. 16 ಮಿಲಿಮೀಟರ್ ದಪ್ಪದ ಪೈಪನ್ನು ಹತ್ತು ಮಿಲಿಮೀಟರ್ ಹೂತರೆ ಆರು ಮಿಲಿಮೀಟರ್ ಮೇಲೆ ಉಳಿಯುತ್ತದೆ. ಬರಿಗಾಲಿಗೆ ಸ್ಪಷ್ಟವಾಗಿ ತಿಳಿಯುತ್ತದೆ, ದುಂಡಗಿರುವುದರಿಂದ ಎಡವಿಸುವುದಿಲ್ಲ, ಮೇಲೆ ಬಿದ್ದರೆ ಗಾಯವೂ ಆಗುವುದಿಲ್ಲ. ತಂತಿಯನ್ನು ಯು ಆಕಾರಕ್ಕೆ ಬಗ್ಗಿಸಿ ಮೊಳೆಯಂತೆ ಹೊಡೆದು, ತಂತಿಯ ನೆತ್ತಿ ಪೈಪಿನ ಮೇಲ್ಮೈಗಿಂತ ಕೆಳಗಿಳಿಯುವವರೆಗೆ ಬಡಿದು ಕೂರಿಸಬೇಕು.

ಇದರಲ್ಲೂ ಒಂದು ಕಾಟ ಇದೆ. ಬೆಳಗಿನ ತಂಪಿನಲ್ಲಿ 19 ಮೀಟರ್ ಪೈಪನ್ನು ಒಂದೇ ತುಂಡಾಗಿ ಹಾಕಿದರೆ ಮಧ್ಯಾಹ್ನದ ಬಿಸಿಲಿಗೆ ಅದು ಹಾವಿನಂತೆ ಸುತ್ತಿಕೊಂಡು ಕಾಲುವೆಯಿಂದ ಹೊರಗೆ ಬರುತ್ತದೆ. ಈ ಪ್ಲಾಸ್ಟಿಕ್ ಒಂದು ಮೀಟರಿಗೆ, ಒಂದು ಡಿಗ್ರಿಗೆ, ಹೆಚ್ಚುಕಡಿಮೆ 0.2 ಮಿಲಿಮೀಟರ್ ಹಿಗ್ಗುತ್ತದೆ. ಕಪ್ಪು ಪೈಪು ಬೆಳಗಿಗಿಂತ 25 ಡಿಗ್ರಿ ಹೆಚ್ಚು ಕಾದರೆ 19 ಮೀಟರಿಗೆ ಒಂಬತ್ತು ಸೆಂಟಿಮೀಟರ್ ಮೀರಿ ಬೆಳೆಯುತ್ತದೆ, ಆ ಬೆಳವಣಿಗೆಗೆ ಎಲ್ಲೂ ಜಾಗವಿರುವುದಿಲ್ಲ. ಪೈಪನ್ನು ಒಂದೊಂದು ಮೀಟರಿನ ತುಂಡು ಮಾಡಿ, ನಡುವೆ ಒಂದು ಬೆರಳಿನ ಅಂತರ ಬಿಟ್ಟು ಹಾಕಿದ ಮೇಲೆ ಆ ತೊಂದರೆ ನಿಂತಿತು. ಅಂತರ ಕಾಲಿಗೆ ಗೊತ್ತೇ ಆಗುವುದಿಲ್ಲ. ಬಿಸಿಲಿಗೆ ಕಾದ ಪೈಪು ಅಂಗಾಲು ಸುಡುತ್ತದೆ, ಹಾಗಾಗಿ ಆಟ ಬೆಳಗಿನ ಅವಧಿಗೆ ಬಂತು. ಮಧ್ಯಾಹ್ನದ ಝಳಪಿನಲ್ಲಿ ಆಕೆಗಿರುವ ಅಷ್ಟಿಷ್ಟು ದೃಷ್ಟಿಯೂ ಕೆಲಸ ಮಾಡುವುದಿಲ್ಲವಾದ್ದರಿಂದ ಅದೂ ಅನುಕೂಲವೇ ಆಯಿತು.

ಪೈಪನ್ನು ಎಲ್ಲಿ ಹಾಕಬೇಕೆಂಬುದೇ ಇಡೀ ಕೆಲಸದ ತಿರುಳು. ಮಧ್ಯದ ಪಟ್ಟಿಯ ಅಂಚಿನ ಮೇಲೆಯೇ ಹಾಕಬೇಕೆಂದು ಯಾರಿಗಾದರೂ ಅನಿಸುತ್ತದೆ, ನಿಯಮದ ಗೆರೆ ಅದೇ ತಾನೆ. ಆದರೆ ಕಾಲು ಆ ಗೆರೆಯ ಮೇಲಿದ್ದರೆ ಮೈ ಕುಳಿತವರ ಮೇಲೆ ಹೋಗುತ್ತದೆ. ಹುಡುಗಿಯರನ್ನು ಚೌಕದಲ್ಲಿ ಕೂರಿಸಿ ಅಳತೆ ಪಟ್ಟಿ ಹಿಡಿದೆವು: ಮುಂದೆ ಚಾಚುವ ಮೊಣಕಾಲು ಪಟ್ಟಿಯಿಂದ 30 ಸೆಂಟಿಮೀಟರಿನಷ್ಟು ಹೊರಗೆ ಬರುತ್ತದೆ. ಹನ್ನೆರಡು ವರ್ಷದ ಹುಡುಗಿ ಸ್ವಲ್ಪ ವಾಲಿ ಕೈ ಚಾಚಿದರೆ 60 ಸೆಂಟಿಮೀಟರ್ ದೂರದ ಬೆನ್ನು ಸುಲಭವಾಗಿ ಎಟಕುತ್ತದೆ. ಆದ್ದರಿಂದ ಪೈಪು ಪಟ್ಟಿಯ ಎರಡೂ ಬದಿಗೆ, ಅಂಚಿನಿಂದ 60 ಸೆಂಟಿಮೀಟರ್ ಹೊರಗೆ ಬಂತು. ಪೈಪಿನ ಮೇಲೆ ಓಡಿದರೆ ಯಾರಿಗೂ ತಾಗುವುದಿಲ್ಲ, ಕೈ ಚಾಚಿದರೆ ಬೆನ್ನು ಸಿಗುತ್ತದೆ.

ಯಾವ ಬೆನ್ನು? ಕುಳಿತವರು ಒಬ್ಬರು ಪೂರ್ವಕ್ಕೆ, ಪಕ್ಕದವರು ಪಶ್ಚಿಮಕ್ಕೆ ಮುಖ ಮಾಡಿರುತ್ತಾರೆ. ಪೂರ್ವದ ಬದಿಯಲ್ಲಿ ಓಡುವವಳಿಗೆ ಪಶ್ಚಿಮಕ್ಕೆ ಮುಖ ಮಾಡಿದ ನಾಲ್ವರ ಬೆನ್ನು ಮಾತ್ರ ಬೇಕು. ಆರಂಭದಲ್ಲಿ ಆ ನಾಲ್ವರೂ ನೆಲ ತಟ್ಟಿ ಕರೆಯಲಿ ಎಂದು ಹೇಳಿದೆ. ನಾಲ್ಕು ಕಡೆಯಿಂದ ಒಟ್ಟಿಗೆ ಬಂದ ಸದ್ದು ಒಂದು ಗೋಡೆಯಾಗಿ, ಆಕೆ ಎರಡು ಬೆನ್ನುಗಳ ನಡುವಿನ ಖಾಲಿ ಜಾಗಕ್ಕೆ ಕೈ ಚಾಚಿದಳು. ಅದರ ಬದಲಿಗೆ ನೆಲದಲ್ಲೇ ಗುರುತು ಮಾಡಿದೆವು. ಎಂಟು ಚೌಕಗಳ ಮುಖ ಯಾವ ಕಡೆಗೆ ಎಂಬುದನ್ನು ಶಾಶ್ವತವಾಗಿ ಗೊತ್ತುಪಡಿಸಿ, ಎರಡೂ ತಂಡ ಅದನ್ನೇ ಪಾಲಿಸುವಂತೆ ಮಾಡಿದೆ. ಬೆನ್ನು ಸಿಗುವ ಚೌಕದ ಎದುರು ಪೈಪಿನ ಪಕ್ಕದಲ್ಲೇ ಇನ್ನೊಂದು ಪೈಪು. ಅಡ್ಡ ಪೈಪಿನ ತುಂಡು ಸಾಲುವುದಿಲ್ಲ, ಓಡುವ ಕಾಲು ಅದನ್ನು ದಾಟಿಯೇ ಹೋಗುತ್ತದೆ. ಜೋಡಿ ಪೈಪು 1.2 ಮೀಟರ್ ಉದ್ದವಿದ್ದರೆ ಆಕೆಯ ಹೆಜ್ಜೆ ಅದಕ್ಕಿಂತ ಉದ್ದವಾಗದವರೆಗೆ ಒಂದು ಸಲವಾದರೂ ಅದರ ಮೇಲೆ ಬೀಳಲೇಬೇಕು. ಬೆನ್ನಿನ ನೇರಕ್ಕೆ ಇದರ ನಡುಭಾಗ ಬರುವುದರಿಂದ ಯಾವ ದಿಕ್ಕಿನಿಂದ ಬಂದರೂ ಹೆಚ್ಚಾಗಿ ಬೆನ್ನು ತಲುಪುವ ಮೊದಲೇ ಸೂಚನೆ ಸಿಗುತ್ತದೆ. ಇದು ಮುಖ್ಯ, ಏಕೆಂದರೆ ಚೌಕವನ್ನು ದಾಟಿದ ಮೇಲೆ ಹಿಂದೆ ಬಂದು ಖೋ ಕೊಟ್ಟರೆ ತಪ್ಪು. ಕಾಲಿಗೆ ಜೋಡಿ ಪೈಪು ಸಿಕ್ಕ ಕೂಡಲೇ ಕೈ ಚಾಚಬೇಕು. ಆ ಚೌಕದಲ್ಲಿ ಕುಳಿತವಳು ಮಾತ್ರ ತನ್ನ ಸಂಖ್ಯೆಯನ್ನು ಒಮ್ಮೆ ಹೇಳುತ್ತಾಳೆ.

ಕಂಬಕ್ಕೆ ಒಂದು ಮೀಟರ್ ಮೊದಲು ಅಡ್ಡಲಾಗಿ ಮೂರು ಪೈಪು, ಒತ್ತೊತ್ತಾಗಿ. ಕಂಬಕ್ಕೆ ಹಳೆಯ ಹಾಸಿಗೆಯ ಸ್ಪಂಜು ಸುತ್ತಿ, ಮೇಲೆ ಟ್ರ್ಯಾಕ್ಟರ್ ಟ್ಯೂಬಿನ ಪಟ್ಟಿ ಬಿಗಿದಿದ್ದೇವೆ. ಎರಡು ಸೆಂಟಿಮೀಟರಿಗಿಂತ ದಪ್ಪ ಸುತ್ತಬಾರದು, ಕಂಬ ಹಿಡಿದು ತಿರುಗುವವರ ಕೈಗೆ ಹಿಡಿತ ತಪ್ಪುತ್ತದೆ. ಹೊರಗಿನ ಗೆರೆಯಾಚೆ ಒಂದು ಮೀಟರ್ ಅಗಲಕ್ಕೆ ಮರಳು ಹಾಕಿ, ಆಟಕ್ಕೆ ಮೊದಲು ಕುಂಟೆ ಎಳೆಯುತ್ತೇವೆ.

ದಿಕ್ಕಿನ ಸಮಸ್ಯೆಗೆ ಖರ್ಚೇ ಇಲ್ಲದ ಪರಿಹಾರ ಸಿಕ್ಕಿತು. ಖೋ ಕೊಡುವವಳು ಓಟಗಾರ್ತಿ ಎಡಗಡೆ ಇದ್ದರೆ ಎಡ ಭುಜದ ಹಿಂದೆ, ಬಲಗಡೆ ಇದ್ದರೆ ಬಲ ಭುಜದ ಹಿಂದೆ ಅಂಗೈ ಇಡುತ್ತಾಳೆ. ಹಿಂದಿನಿಂದ ಮುಟ್ಟಿ ಖೋ ಎನ್ನಬೇಕೆಂಬ ನಿಯಮ ಮುರಿಯುವುದಿಲ್ಲ. ಇದನ್ನು ಇಡೀ ತಂಡಕ್ಕೆ ಕಲಿಸಿದೆ. ಈಗ ಕಣ್ಣು ಕಾಣುವವರೂ ತಲೆ ತಿರುಗಿಸಿ ನೋಡುವ ಕ್ಷಣ ಉಳಿಸುತ್ತಿದ್ದಾರೆ. ಖೋ ಖೋದಲ್ಲಿ ಒಮ್ಮೆ ದಿಕ್ಕು ಹಿಡಿದ ಮೇಲೆ ಕಂಬ ತಲುಪುವವರೆಗೆ ತಿರುಗುವಂತಿಲ್ಲವಾದ್ದರಿಂದ ಮೊದಲ ಹೆಜ್ಜೆ ಸರಿ ಬೀಳುವುದಕ್ಕೆ ಬಹಳ ಬೆಲೆ ಇದೆ.

ಉಳಿದದ್ದು ಓಟಗಾರ್ತಿಯ ಸದ್ದು. ಇಲ್ಲೇ ನಾನು ಹೆಚ್ಚು ಹೊತ್ತು ಕಳೆದದ್ದು. ಎಲೆಕ್ಟ್ರಾನಿಕ್ ಬಜರ್ ಅಗ್ಗ, ಒಂಬತ್ತು ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ ಕಿವಿ ಗುಯ್‌ಗುಡುವಷ್ಟು ಕೂಗುತ್ತದೆ. ಪರೀಕ್ಷೆ ಹೀಗೆ ಮಾಡಿದೆವು: ಆಕೆ ಅಂಕಣದ ನಡುವೆ ನಿಲ್ಲುವುದು, ಒಬ್ಬಳು ಐದು ಮೀಟರ್ ದೂರದಲ್ಲಿ ಸದ್ದಿಲ್ಲದೆ ಜಾಗ ಬದಲಿಸಿ ನಿಲ್ಲುವುದು, ಆಮೇಲೆ ಸದ್ದು ಮಾಡುವುದು, ಆಕೆ ಕೈ ತೋರಿಸುವುದು. ಬಜರಿಗೆ ಆಕೆಯ ಕೈ ಪದೇಪದೇ ತಪ್ಪು ಕಡೆಗೆ ಹೋಯಿತು.

“ಯಾಕವ್ವಾ, ಸದ್ದು ಸಣ್ಣದಾಯಿತೇ?” ಎಂದೆ.

“ಇಲ್ಲ ಸರ್, ಜೋರಾಗಿದೆ. ಎಲ್ಲಾ ಕಡೆಯಿಂದ ಬಂದ ಹಾಗಾಗುತ್ತದೆ” ಎಂದಳು.

ಕಾರಣ ಕಿವಿಯ ರಚನೆಯಲ್ಲಿದೆ. ದಪ್ಪ ಸ್ವರ ಬಂದಾಗ ಅದು ಎರಡು ಕಿವಿಗಳನ್ನು ತಲುಪುವ ಸಮಯದ ವ್ಯತ್ಯಾಸದಿಂದ ಮೆದುಳು ದಿಕ್ಕು ಹಿಡಿಯುತ್ತದೆ. ತೀರ ಕೀರಲು ಸ್ವರಕ್ಕೆ ತಲೆ ಅಡ್ಡ ಬಂದು ಒಂದು ಕಿವಿಗೆ ಕಡಿಮೆ ಕೇಳುತ್ತದೆ, ಆ ವ್ಯತ್ಯಾಸ ದಿಕ್ಕು ತಿಳಿಸುತ್ತದೆ. ನಡುವೆ, ಎರಡು ಮೂರು ಸಾವಿರ ಹರ್ಟ್ಸ್ ಸುತ್ತಮುತ್ತ, ಎರಡೂ ಉಪಾಯಗಳು ದುರ್ಬಲ. ಅಗ್ಗದ ಬಜರ್ ಕೂಗುವುದು ಹೆಚ್ಚಾಗಿ ಅಲ್ಲೇ, ಅದೂ ಒಂದೇ ಸ್ವರದಲ್ಲಿ. ಗೆಜ್ಜೆ, ಗುಂಡು ತುಂಬಿದ ಡಬ್ಬಿ ಇವುಗಳ ಸದ್ದಿನಲ್ಲಿ ಹಲವು ಸ್ವರಗಳು ಬೆರೆತಿರುತ್ತವೆ, ಬಿಟ್ಟು ಬಿಟ್ಟು ಬರುತ್ತವೆ, ಪ್ರತಿ ಸದ್ದಿಗೂ ಚುರುಕಾದ ಆರಂಭ ಇರುತ್ತದೆ. ಕಿವಿಗೆ ಬೇಕಾದದ್ದು ಅದು. ಗೆಜ್ಜೆ ಹಿಡಿದು ಅದೇ ಪರೀಕ್ಷೆ ಮಾಡಿದಾಗ ಆಕೆಯ ಬೆರಳು ನೇರವಾಗಿ ಗೆಜ್ಜೆಗೇ ತೋರಿಸಿತು.

ಕಾರ ಹುಣ್ಣಿಮೆಗೆ ಎತ್ತಿಗೆ ಕಟ್ಟುವ ಗೆಜ್ಜೆ ಅಮೀನಗಡದ ಸಂತೆಯಲ್ಲಿ ಸಿಕ್ಕಿತು. ನಿಂಬೆಹಣ್ಣಿನ ಗಾತ್ರದ್ದು ಬಿದ್ದಾಗ ಮೈಗೆ ಒತ್ತುತ್ತದೆ. ನೆಲ್ಲಿಕಾಯಿ ಗಾತ್ರದ್ದು ಸಾಕು. ಮೊದಲು ಕಾಲಿಗೆ ಕಟ್ಟಿದೆವು. ಚುರುಕಿನ ಹುಡುಗಿಯರು ಪಾದ ಎತ್ತದೆ ಜಾರಿಸಿ ನಡೆದು ಸದ್ದು ಅಡಗಿಸುವುದನ್ನು ಕೂಡಲೇ ಕಲಿತರು. ಸೊಂಟಕ್ಕೆ ತಂದು, ಹಳೆಯ ಶಾಲಾ ಚೀಲದ ಪಟ್ಟಿಗೆ ಐದು ಗೆಜ್ಜೆಗಳನ್ನು ಎರಡು ಬೆರಳುದ್ದದ ಬಟ್ಟೆಯ ತುಂಡಿನಲ್ಲಿ ಇಳಿಬಿಟ್ಟು, ಬೆನ್ನಿನ ಕಡೆಗೆ ಬರುವಂತೆ ಕಟ್ಟಿದೆವು. ಇಳಿಬಿಟ್ಟ ಗೆಜ್ಜೆ ಮೈ ಅಲುಗಿದರೂ ನುಡಿಯುತ್ತದೆ. ಬೆನ್ನಟ್ಟುವವಳು ಹಿಂದೆ ಇರುವುದರಿಂದ ಸದ್ದು ಆಕೆಗೆ ನೇರ ತಲುಪುತ್ತದೆ, ಮುಂದಕ್ಕೆ ಬಿದ್ದರೂ ಚುಚ್ಚುವುದಿಲ್ಲ. ನಿಂತೇಬಿಟ್ಟರೆ? ಎರಡು ಎಣಿಸುವುದರೊಳಗೆ ಮತ್ತೆ ಅಲುಗಬೇಕು ಅಥವಾ ಚಪ್ಪಾಳೆ ತಟ್ಟಬೇಕು, ಇಲ್ಲದಿದ್ದರೆ ಔಟ್ ಎಂಬ ಒಂದು ಹೊಸ ನಿಯಮ ಸೇರಿಸಿದೆ. ಮೂವರು ಓಟಗಾರರು ಅಂಕಣದಲ್ಲಿದ್ದಾಗ ಮುಂದಿನ ಮೂವರು ಪಟ್ಟಿ ಕಟ್ಟಿಕೊಂಡು ಸಿದ್ಧರಿರಬೇಕಾದ್ದರಿಂದ ಆರು ಪಟ್ಟಿ ಬೇಕು.

ನೋಡುವವರ ಕೇಕೆ ಈ ಎಲ್ಲ ಸದ್ದನ್ನೂ ನುಂಗುತ್ತದೆ. ಗೋಲ್‌ಬಾಲ್‌ನಲ್ಲಿ ಚೆಂಡು ಆಟದಲ್ಲಿರುವಾಗ ಪ್ರೇಕ್ಷಕರು ಮೌನವಾಗಿರಲೇಬೇಕು. ನಮ್ಮಲ್ಲೂ ಔಟ್ ಆದ ಮೇಲೆ ಎಷ್ಟು ಬೇಕಾದರೂ ಕೂಗಬಹುದು, ಅದಕ್ಕೆ ಮೊದಲು ಇಲ್ಲ. ಏಳನೇ ತರಗತಿಯ ಹುಡುಗರಿಗೆ ಇದನ್ನು ಒಗ್ಗಿಸುವುದು ಪೈಪು ಹೂಳುವುದಕ್ಕಿಂತ ಕಷ್ಟವಾಯಿತು.

ಒಂದು ಅವಧಿಯಲ್ಲಿ ಎಲ್ಲರಿಗೂ ಕಣ್ಣಿಗೆ ಬಟ್ಟೆ ಕಟ್ಟಿ ಅಂಕಣದಲ್ಲಿ ಓಡಿಸಿದೆ, ಪೈಪು ಎಲ್ಲಿ ಸರಿಯಿಲ್ಲ ಎಂದು ಕಂಡುಕೊಳ್ಳುವುದಕ್ಕೆ. ಮೂಲೆಯಲ್ಲಿ ಎರಡು ತುಂಡು ತೀರ ಆಳಕ್ಕೆ ಹೋಗಿದ್ದು ಗೊತ್ತಾದದ್ದು ಹಾಗೆ. ಆದರೆ ಪಂದ್ಯದಲ್ಲಿ ಎಲ್ಲರಿಗೂ ಬಟ್ಟೆ ಕಟ್ಟುವುದಕ್ಕೆ ನಾನು ವಿರೋಧಿ. ಈಗಷ್ಟೇ ಕಣ್ಣು ಕಟ್ಟಿಸಿಕೊಂಡ ಮಗು ಹೆದರಿ ತಡವರಿಸುತ್ತದೆ; ಆಕೆ ಹುಟ್ಟಿನಿಂದ ಹೀಗೇ ಓಡಾಡಿದವಳು. ಅದು ಬೇರೆಯದೇ ಆಟವಾಗುತ್ತದೆ, ಗೆಳತಿಯರು ದಿನವೂ ಆಡುವ ಆಟವಾಗಿ ಉಳಿಯುವುದಿಲ್ಲ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಬಂದಿದ್ದ ವಿಶೇಷ ಶಿಕ್ಷಕಿಯೂ ಇದನ್ನೇ ಹೇಳಿದರು. ಅಂಕಣವನ್ನು ಆಕೆ ಆಟಕ್ಕೆ ಮೊದಲು ಒಬ್ಬಳೇ ನಿಧಾನವಾಗಿ ಪೂರ್ತಿ ನಡೆದು ನೋಡಲಿ ಎಂಬ ಸಲಹೆಯೂ ಅವರದೇ. ಕಂಬದಿಂದ ಕಂಬಕ್ಕೆ ನಡೆದು ಜೋಡಿ ಪೈಪುಗಳನ್ನು ಎಣಿಸಿಕೊಂಡ ಮೇಲೆ ಆಕೆಯ ಓಟದ ವೇಗ ಬದಲಾಯಿತು.

ಪಂದ್ಯ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಸರದಿ ಹೇಳುತ್ತೇನೆ. ಆಕೆ ನಾಲ್ಕನೇ ಚೌಕದಲ್ಲಿ ಪೂರ್ವಕ್ಕೆ ಮುಖ ಮಾಡಿ ಕುಳಿತಿದ್ದಳು. ಬಲ ಭುಜದ ಮೇಲೆ ಅಂಗೈ ಬಿತ್ತು, ಖೋ ಕೇಳಿತು. ಎದ್ದು ಬಲಕ್ಕೆ ಹೊರಟಳು. ಓಟಗಾರ್ತಿಯ ಗೆಜ್ಜೆ ಮುಂದೆ ಕೇಳಿ, ತಟ್ಟನೆ ಬಲಗಡೆಗೆ, ಅಂದರೆ ಮಧ್ಯದ ಪಟ್ಟಿಯಾಚೆಗೆ ಹೋಯಿತು. ಬೆನ್ನಟ್ಟುವವಳು ಪಟ್ಟಿ ದಾಟುವಂತಿಲ್ಲ. ಕಾಲಿಗೆ ಐದನೇ ಚೌಕದ ಜೋಡಿ ಪೈಪು ಸಿಕ್ಕಿತು, “ಐದು” ಎಂಬ ದನಿ ಬಂತು, ಕೈ ಚಾಚಿ ಖೋ ಕೊಟ್ಟಳು. ಐದನೆಯವಳು ಪಶ್ಚಿಮಕ್ಕೆ ಎದ್ದು ಎರಡೇ ಹೆಜ್ಜೆಯಲ್ಲಿ ಓಟಗಾರ್ತಿಯನ್ನು ಮುಟ್ಟಿದಳು. ವೇಗವಾಗಿ ಓಡುವುದಕ್ಕಿಂತ ಸರಿಯಾದ ಕ್ಷಣದಲ್ಲಿ ಖೋ ಕೊಡುವುದೇ ಈ ಆಟದ ಜಾಣ್ಮೆ. ಗೆಜ್ಜೆ ಪಟ್ಟಿಯಾಚೆ ಹೋಯಿತೆಂದು ಕಿವಿಯಿಂದ ಹಿಡಿಯುವುದರಲ್ಲಿ ಆಕೆ ತಂಡದ ಹಲವರಿಗಿಂತ ಮುಂದಿದ್ದಾಳೆ. ತಾನೇ ಮುಟ್ಟಿ ಔಟ್ ಮಾಡುವುದು ಹೆಚ್ಚಾಗಿ ಕಂಬದ ಬಳಿ, ಓಟಗಾರ್ತಿ ತಿರುಗಲು ವೇಗ ತಗ್ಗಿಸುವಲ್ಲಿ.

ಒಂದು ಸಂಗತಿಯನ್ನು ಬಿಗಿಯಾಗಿ ಹಿಡಿಯಬೇಕು. ಆಕೆ ಬೆನ್ನಟ್ಟುವಾಗ ಕೆಲವರು ಬೇಕೆಂದೇ ನಿಧಾನವಾಗಿ ಸಿಕ್ಕಿಬೀಳುತ್ತಾರೆ. ಹೊರಗಿನಿಂದ ನೋಡುವವರಿಗೆ ತಿಳಿಯದಿರಬಹುದು, ಆಕೆಗೆ ಕೂಡಲೇ ತಿಳಿಯುತ್ತದೆ. “ಸರ್, ಇವಳ ಗೆಜ್ಜೆ ನನ್ನ ಹತ್ತಿರ ಬಂದಾಗ ಮಾತ್ರ ಮೆಲ್ಲಗಾಗುತ್ತದೆ. ಈ ಔಟ್ ನನಗೆ ಬೇಡ” ಎಂದು ಆಕೆಯೇ ಬಂದು ಹೇಳಿದಳು. ಅಂಥ ಔಟ್‌ಗೆ ಅಂಕ ಇಲ್ಲ ಎಂದು ಘೋಷಿಸಿದ ಮೇಲೆ ಅದು ನಿಂತಿತು.

ಓಟಗಾರ್ತಿಯಾಗಿ ಆಡುವುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಬೆನ್ನಟ್ಟುವವರು ಮಣಿಕಟ್ಟಿಗೆ ಮಾತ್ರೆಯ ಪ್ಲಾಸ್ಟಿಕ್ ಡಬ್ಬಿ ಕಟ್ಟಿಕೊಳ್ಳುತ್ತಾರೆ, ಒಳಗೆ ಸೈಕಲ್ ಬೇರಿಂಗಿನ ಆರು ಗುಂಡು. ಕುಳಿತವರ ಕೈ ಅಲುಗದಿರುವುದರಿಂದ ಓಡುವವಳ ಡಬ್ಬಿ ಮಾತ್ರ ನುಡಿಯುತ್ತದೆ, ಅದರ ದನಿ ಗೆಜ್ಜೆಯಿಂದ ಬೇರೆಯಾಗಿ ಕೇಳುತ್ತದೆ. ಹೊಸಬಳು ಎದ್ದಾಗ ‘ಖೋ’ ಕೂಗು ಇದ್ದೇ ಇದೆ. ಆದರೂ ತಪ್ಪಿಸಿಕೊಳ್ಳುವಾಗ ಮಧ್ಯದ ಪಟ್ಟಿ ದಾಟಬೇಕು, ಅಲ್ಲಿ ಸುಮ್ಮನೆ ಕುಳಿತವರಿಗೆ ಆಕೆ ಡಿಕ್ಕಿ ಹೊಡೆಯುವ ಅಪಾಯವಿದೆ. ಸದ್ಯಕ್ಕೆ ಅರ್ಧ ಮೀಟರಿನ ಬಟ್ಟೆಯ ಕುಣಿಕೆಯ ಎರಡು ತುದಿಯನ್ನು ಆಕೆ ಮತ್ತು ಒಬ್ಬ ಗೆಳತಿ ಹಿಡಿದು ಓಡುತ್ತಾರೆ, ಇಬ್ಬರಲ್ಲಿ ಯಾರನ್ನು ಮುಟ್ಟಿದರೂ ಇಬ್ಬರೂ ಔಟ್. ಗೆಳತಿ ಎಳೆದುಕೊಂಡು ಹೋಗಬಾರದು, ಪಟ್ಟಿ ದಾಟುವಾಗ “ಈಗ” ಎಂದು ಹೇಳುವುದಷ್ಟೇ ಆಕೆಯ ಕೆಲಸ. ತಿರುಗುವ ತೀರ್ಮಾನ ನಮ್ಮ ಹುಡುಗಿಯದು. ಕುಣಿಕೆ ಬಿಗಿಯಾಗಿ ನೆಟ್ಟಗೆ ಕಂಡರೆ ಯಾರೋ ಎಳೆಯುತ್ತಿದ್ದಾರೆ ಎಂದರ್ಥ, ಆಗ ನಾನು ಸೀಟಿ ಊದುತ್ತೇನೆ. ಮುಂದಿನ ಪ್ರಯತ್ನ ಎರಡು ಚೌಕಗಳ ನಡುವಿನ ಖಾಲಿ ಜಾಗಕ್ಕೆ ಅಡ್ಡಲಾಗಿ ಪೈಪು ಹಾಕಿ, ದಾಟುವ ದಾರಿಯನ್ನು ಕಾಲಿಗೇ ತೋರಿಸುವುದು. ಅದು ಕೆಲಸ ಮಾಡಿದರೆ ಕುಣಿಕೆ ತೆಗೆಯಬಹುದು.

ನಿರ್ವಹಣೆ ಬಗ್ಗೆ ಇಷ್ಟು: ಆಟಕ್ಕೆ ಮೊದಲು ಯಾರಾದರೂ ಬರಿಗಾಲಲ್ಲಿ ಪೈಪಿನ ಮೇಲೆ ಒಂದು ಸುತ್ತು ನಡೆಯಬೇಕು, ಮೇಲೆದ್ದ ತಂತಿ ಇದ್ದರೆ ಅಲ್ಲೇ ಬಡಿಯಬೇಕು. ಗೆಜ್ಜೆಯ ಸೀಳಿನಲ್ಲಿ ಗರಸಿನ ಕಲ್ಲು ಸಿಕ್ಕಿದರೆ ದನಿ ಸತ್ತುಹೋಗುತ್ತದೆ. ಪಟ್ಟಿ ಕಟ್ಟುವ ಮೊದಲು ಪ್ರತಿ ಗೆಜ್ಜೆಯನ್ನೂ ಅಲ್ಲಾಡಿಸಿ ನೋಡುವ ಕೆಲಸವನ್ನು ಆಕೆಯೇ ವಹಿಸಿಕೊಂಡಿದ್ದಾಳೆ.